ತುಟಿಗೊಂದು ಅಂಚು, ಕೂದಲಿಗೊಂದು ಅಂಚು

ಮದುವೆ ಆಲ್ಬಂಗಳಲ್ಲಿ ವಧುವಿನ ಮುಖವೊಂದೇ ಇಡೀ ಹಾಳೆ ತುಂಬಿರುವ ಪುಟವೊಂದು ಇದ್ದೇ ಇರುತ್ತದೆ. ಆ ಪುಟವನ್ನು ಹತ್ತಿರ ಹಿಡಿದು ನೋಡಿದರೆ ಸ್ಟುಡಿಯೋದಲ್ಲಿ ಟಚಿಂಗ್ ಹೇಗೆ ನಡೆದಿದೆ ಎಂಬುದು ಬೇಗ ತಿಳಿಯುತ್ತದೆ. ಕೆನ್ನೆ ನುಣುಪಾಗಿರುತ್ತದೆ, ಆದರೆ ಅದರ ಜೊತೆಗೆ ಹುಬ್ಬಿನ ಎಳೆಗಳೂ ಕರಗಿ ಬೂದು ಪಟ್ಟಿಯಾಗಿರುತ್ತವೆ. ತುಟಿ ಕೆಂಪೇರಿರುತ್ತದೆ, ಹಲ್ಲಿನ ತುದಿಗೂ ಅದೇ ಕೆಂಪು ತಗುಲಿರುತ್ತದೆ. ಹಣೆಯ ಮೇಲೆ ಕೂದಲು ಹುಟ್ಟುವ ಕಡೆ ಇರಬೇಕಾದ ಸಣ್ಣ ಎಳೆಗಳು ಮಾಯವಾಗಿ, ಕತ್ತರಿಯಿಂದ ಕತ್ತರಿಸಿ ಅಂಟಿಸಿದಂಥ ಗೆರೆಯೊಂದು ಉಳಿದಿರುತ್ತದೆ.

ಈ ಮೂರೂ ದೋಷಗಳಿಗೆ ಮೂಲ ಒಂದೇ. ಇಡೀ ಮುಖವನ್ನು ಒಂದೇ ವಸ್ತುವೆಂದು ತಿಳಿದು, ಎಲ್ಲ ಕಡೆಗೂ ಒಂದೇ ಉಪಚಾರ ಮಾಡಲಾಗಿದೆ. ಚರ್ಮ, ಹುಬ್ಬು, ತುಟಿ, ಕೂದಲು ಇವು ಬೆಳಕನ್ನು ಹಿಡಿಯುವ ರೀತಿ ಬೇರೆ ಬೇರೆ, ಒಂದಕ್ಕೊಂದು ತಾಗುವ ಅಂಚುಗಳೂ ಬೇರೆ ಬೇರೆ. ಆದ್ದರಿಂದ ಈಗಿನ ಫೋಟೋ ತಂತ್ರಾಂಶಗಳು, ಮೊಬೈಲಿನಲ್ಲಿ ಲಿಪ್‌ಸ್ಟಿಕ್ ಹಚ್ಚಿ ತೋರಿಸುವ ಆ್ಯಪ್‌ಗಳು, ಮೊದಲು ಮುಖವನ್ನು ಭಾಗಗಳಾಗಿ ಬಿಡಿಸಿಕೊಂಡು ಆಮೇಲೆ ಒಂದೊಂದನ್ನೂ ಅದರದೇ ರೀತಿಯಲ್ಲಿ ಬೆರೆಸುತ್ತವೆ. ಹೀಗೆ ಬಿಡಿಸುವ ಕೆಲಸಕ್ಕೆ ಫೇಸ್ ಪಾರ್ಸಿಂಗ್ ಎನ್ನುತ್ತಾರೆ. ಅದರಿಂದ ದೊರೆಯುವ ಭಾಗದ ನಕ್ಷೆಯೇ ಮಾಸ್ಕ್. ಗೋಡೆಗೆ ಬಣ್ಣ ಬಳಿಯುವವರು ಕಿಟಕಿಯ ಚೌಕಟ್ಟಿಗೆ ಟೇಪ್ ಅಂಟಿಸುತ್ತಾರಲ್ಲ, ಮೇಲುನೋಟಕ್ಕೆ ಮಾಸ್ಕ್‌ನ ಕೆಲಸ ಅದೇ. ಆದರೆ ಟೇಪಿಗೆ ಇಲ್ಲದ ಇನ್ನೊಂದು ಕೆಲಸವೂ ಮಾಸ್ಕ್‌ಗೆ ಇದೆ. ಬಣ್ಣ ಎಲ್ಲಿಗೆ ಹೋಗಬೇಕು ಎಂಬುದನ್ನಷ್ಟೇ ಅಲ್ಲ, ಎಲ್ಲಿಂದ ಬರಬೇಕು ಎಂಬುದನ್ನೂ ಅದೇ ಹೇಳಬೇಕು. ಬಹುಪಾಲು ಕೆಟ್ಟ ಟಚಿಂಗ್ ಹುಟ್ಟುವುದು ಈ ಎರಡನೆಯದನ್ನು ಮರೆತಾಗ.

ಹಿಂದೆ ಈ ಕೆಲಸ ನಡೆಯುತ್ತಿದ್ದದ್ದು ಬಿಂದುಗಳ ಮೂಲಕ. ಕಣ್ಣಿನ ತುದಿ, ಮೂಗಿನ ತುದಿ, ತುಟಿಯ ಸುತ್ತು, ದವಡೆಯ ಗೆರೆ ಹೀಗೆ ಮುಖದ ಮೇಲೆ 68 ಬಿಂದುಗಳನ್ನು ಗುರುತಿಸಿ, ಅವನ್ನು ಗೆರೆಗಳಿಂದ ಜೋಡಿಸಿ ಆಕಾರ ಕಟ್ಟುತ್ತಿದ್ದರು. ತುಟಿಯ ಮಟ್ಟಿಗೆ ಇದು ಸಾಕಾಗುತ್ತದೆ. ಕೂದಲಿಗೆ ಮಾತ್ರ ಏನೂ ಮಾಡಲಾಗದು, ಏಕೆಂದರೆ ಕೂದಲಿನ ಮೇಲೆ ಒಂದು ಬಿಂದುವೂ ಇಲ್ಲ. ಹಣೆ ಎಲ್ಲಿಗೆ ಮುಗಿಯುತ್ತದೆ ಎಂಬುದೂ ಆ 68ರಿಂದ ತಿಳಿಯುವುದಿಲ್ಲ.

ಪಾರ್ಸಿಂಗ್‌ನಲ್ಲಿ ಬಿಂದುಗಳ ಬದಲು ಪ್ರತಿಯೊಂದು ಪಿಕ್ಸೆಲ್‌ಗೂ ಒಂದು ಲೇಬಲ್ ಸಿಗುತ್ತದೆ. ಇದನ್ನು ಕಲಿಸಲು ಹೆಚ್ಚಾಗಿ ಬಳಸುವುದು ಸೆಲೆಬ್‌ಎ-ಮಾಸ್ಕ್-ಎಚ್‌ಕ್ಯೂ ಎಂಬ ಚಿತ್ರಸಂಗ್ರಹ. ಹೆಸರಾಂತ ವ್ಯಕ್ತಿಗಳ 30,000 ಮುಖಗಳಿಗೆ ಅಡ್ಡ 512, ಉದ್ದ 512 ಪಿಕ್ಸೆಲ್‌ಗಳ ಅಳತೆಯಲ್ಲಿ ಜನರು ಕೈಯಿಂದಲೇ ಭಾಗ ಗುರುತಿಸಿ ಇದನ್ನು ಸಿದ್ಧಪಡಿಸಿದ್ದಾರೆ. ಹಿನ್ನೆಲೆಯನ್ನೂ ಸೇರಿಸಿದರೆ ಒಟ್ಟು 19 ಬಗೆ. ಇದರ ಮೇಲೆ ತರಬೇತಿ ಪಡೆದು ಬಹಳ ಬಳಕೆಯಲ್ಲಿರುವ ಜಾಲವೊಂದು 2018ರಲ್ಲಿ ಬಂದ ಬೈಸೆನೆಟ್ ಎಂಬ ವಿನ್ಯಾಸವನ್ನು ಆಧರಿಸಿದೆ. ಆ ವಿನ್ಯಾಸದಲ್ಲಿ ಎರಡು ದಾರಿಗಳಿವೆ. ಒಂದು ಅಂಚುಗಳ ಸೂಕ್ಷ್ಮವನ್ನು ಹಿಡಿದಿಡುತ್ತದೆ, ಇನ್ನೊಂದು ಇಡೀ ಮುಖವನ್ನು ಒಟ್ಟಾಗಿ ನೋಡಿ ಯಾವುದು ಏನು ಎಂದು ತೀರ್ಮಾನಿಸುತ್ತದೆ. ಅದು ಬಳಸುವ ಅಂಕಿಗಳಲ್ಲಿ ಚರ್ಮ 1, ಎರಡು ಹುಬ್ಬುಗಳು 2 ಮತ್ತು 3, ಮೂಗು 10, ಬಾಯಿಯ ಒಳಭಾಗ 11, ಮೇಲ್ದುಟಿ 12, ಕೆಳದುಟಿ 13, ಕತ್ತು 14, ಕೂದಲು 17. ಈ ಅಂಕಿಗಳಿಗೆ ಗಣಿತದ ಅರ್ಥವೇನೂ ಇಲ್ಲ, ಬಸ್ಸಿನ ನಂಬರಿನ ಹಾಗೆ ಗುರುತಿಗಾಗಿ ಮಾತ್ರ. ಹೊಸಬರು ಎಡವುವುದು ಇಲ್ಲೇ.

ಒಂದು ಚಿತ್ರವನ್ನು ತೆಗೆದುಕೊಂಡು ಕೊನೆಯವರೆಗೂ ನೋಡೋಣ. ವಧುವಿನ ಭಾವಚಿತ್ರ, ಮುಖ ಕ್ಯಾಮೆರಾಕ್ಕೆ ನೇರ, ತುಸು ನಗು, ಹಲ್ಲು ಸ್ವಲ್ಪ ಕಾಣುತ್ತಿದೆ. ಹಣೆಯಲ್ಲಿ ಬೊಟ್ಟು, ಮೂಗುಬೊಟ್ಟು, ಮುಡಿಯಲ್ಲಿ ಮಲ್ಲಿಗೆ. ಕೂದಲು, ಕತ್ತು ಸೇರಿಸಿ ಮುಖದ ಸುತ್ತಲ ಚೌಕ 2048 ಪಿಕ್ಸೆಲ್ ಅಗಲವಿದೆ. ಜಾಲಕ್ಕೆ ಬೇಕಾದದ್ದು 512. ಹಾಗಾಗಿ ಚೌಕವನ್ನು ನಾಲ್ಕನೇ ಒಂದಕ್ಕೆ ಕುಗ್ಗಿಸಿ ಒಳಗೆ ಕೊಡುತ್ತೇವೆ, ಬಂದ ಲೇಬಲ್ ನಕ್ಷೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ ಮೂಲ ಚಿತ್ರದ ಮೇಲೆ ಕೂರಿಸುತ್ತೇವೆ.

ಫೋಟೋ ಹಿಗ್ಗಿಸುವಾಗ ತಂತ್ರಾಂಶ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ಬೆಲೆಗಳನ್ನು ಲೆಕ್ಕಹಾಕಿ ತುಂಬುತ್ತದೆ. ಬಣ್ಣಕ್ಕೆ ಅದು ಸರಿ. ಲೇಬಲ್ ನಕ್ಷೆಯನ್ನೂ ಹಾಗೆಯೇ ಹಿಗ್ಗಿಸಿದರೆ ಹಣೆಯಂಚಿನಲ್ಲಿ ವಿಚಿತ್ರವೊಂದು ನಡೆಯುತ್ತದೆ. ಅಲ್ಲಿ ಚರ್ಮದ 1 ಮತ್ತು ಕೂದಲಿನ 17 ಪಕ್ಕಪಕ್ಕ ಇವೆ. ನಾಲ್ಕು ಪಟ್ಟು ಹಿಗ್ಗಿದಾಗ ನಡುವೆ 3, 7, 11, 15 ಎಂಬ ಬೆಲೆಗಳು ಹುಟ್ಟಿಕೊಳ್ಳುತ್ತವೆ. ಅಂಕಿಯಾಗಿ ಅವು ಒಪ್ಪವಾಗಿಯೇ ಇವೆ. ಆದರೆ 3 ಎಂದರೆ ಹುಬ್ಬು, 7 ಕಿವಿ, 11 ಬಾಯಿಯ ಒಳಭಾಗ, 15 ಸರ. ಹಣೆಯ ಮೇಲಂಚಿನ ಉದ್ದಕ್ಕೂ ಹುಬ್ಬು, ಕಿವಿ, ಬಾಯಿ, ಸರ ಎಂದು ನಾಲ್ಕು ತೆಳು ಗೆರೆಗಳು ಬಂದು ಕೂರುತ್ತವೆ, ಹುಬ್ಬಿಗೆಂದು ಇಟ್ಟ ಉಪಚಾರ ಹಣೆಯ ಮೇಲೂ ನಡೆದುಬಿಡುತ್ತದೆ. ದೋಷ ಸಂದೇಶವೇನೂ ಬರುವುದಿಲ್ಲ, ಕಂಪ್ಯೂಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲೇಬಲ್‌ಗಳಿಗೆ ಒಂದೊಂದು ಬಣ್ಣ ಕೊಟ್ಟು ಫೋಟೋದ ಮೇಲೆ ಅರೆಪಾರದರ್ಶಕವಾಗಿ ಹಾಸಿ ನೋಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಹತ್ತಿರದ ಪಿಕ್ಸೆಲ್‌ನ ಲೇಬಲನ್ನೇ ನಕಲು ಮಾಡುವ ವಿಧಾನದಲ್ಲಿ ಈ ತಪ್ಪು ಆಗದು, ಆದರೆ ಮೆಟ್ಟಿಲು ಮೆಟ್ಟಿಲಾದ ಅಂಚು ಬರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದು ಹೆಜ್ಜೆ ಹಿಂದಿದೆ. ಲೇಬಲ್ ತೀರ್ಮಾನಿಸುವ ಮೊದಲು ಜಾಲವು ಪ್ರತಿ ಪಿಕ್ಸೆಲ್‌ಗೂ 19 ಅಂಕಗಳನ್ನು ಕೊಟ್ಟಿರುತ್ತದೆ: ಇದು ಚರ್ಮವಾಗಿರಲು ಎಷ್ಟು ಅಂಕ, ಕೂದಲಾಗಿರಲು ಎಷ್ಟು ಅಂಕ, ಹೀಗೆ. ಆ ಅಂಕಗಳ ಹಾಳೆಗಳನ್ನೇ 2048ಕ್ಕೆ ಹಿಗ್ಗಿಸಿ, ಆಮೇಲೆ ಹೆಚ್ಚು ಅಂಕದವನನ್ನು ಆರಿಸಿದರೆ ಅಂಚು ತಾನಾಗಿಯೇ ನಯವಾಗುತ್ತದೆ. ಅಂಕಗಳು ನಿಜವಾದ ಪರಿಮಾಣಗಳು, ಅವುಗಳ ನಡುವಿನ ಬೆಲೆಗೆ ಅರ್ಥವಿದೆ.

ಈಗ ಚರ್ಮಕ್ಕೆ ಬರೋಣ. ನುಣುಪು ಮಾಡುವುದೆಂದರೆ ಪ್ರತಿ ಪಿಕ್ಸೆಲ್‌ಗೂ ಅದರ ಸುತ್ತಲಿನ ಸರಾಸರಿಯನ್ನು ಕೊಡುವುದು. ಮಾಸ್ಕ್ ಇದೆಯಲ್ಲ, ಇಡೀ ಚಿತ್ರವನ್ನು ಮಸುಕು ಮಾಡಿ, ಆ ಮಸುಕನ್ನು ಚರ್ಮದ ಭಾಗಕ್ಕೆ ಮಾತ್ರ ಹಾಕಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಿ ನೋಡಿ, ಹುಬ್ಬಿನ ಸುತ್ತ ಬೂದು ನೆರಳೊಂದು ಬರುತ್ತದೆ. ಲೆಕ್ಕ ಸುಲಭ. ಹೊಳಪನ್ನು 0ಯಿಂದ 100ರವರೆಗೆ ಅಳೆಯುತ್ತೇವೆ ಎಂದಿಟ್ಟುಕೊಳ್ಳಿ. ಚರ್ಮದ್ದು 70, ಹುಬ್ಬಿನದು 20. ಹುಬ್ಬಿಗೆ ಅಂಟಿಕೊಂಡಿರುವ ಚರ್ಮದ ಪಿಕ್ಸೆಲ್‌ನ ಸುತ್ತ ಅರ್ಧ ಚರ್ಮ, ಅರ್ಧ ಹುಬ್ಬು, ಸರಾಸರಿ 45. ಮಾಸ್ಕ್ ಎಷ್ಟೇ ಕರಾರುವಾಕ್ಕಾಗಿದ್ದರೂ ಆ 45 ಚರ್ಮದ ಮೇಲೆಯೇ ಬಂದು ಕೂರುತ್ತದೆ. ಬಣ್ಣ ಸರಿಯಾದ ಜಾಗಕ್ಕೇ ಹೋಗಿದೆ, ಬಂದದ್ದು ತಪ್ಪು ಜಾಗದಿಂದ.

ಪರಿಹಾರವೆಂದರೆ ಸರಾಸರಿ ತೆಗೆಯುವಾಗಲೇ ಚರ್ಮದ ಪಿಕ್ಸೆಲ್‌ಗಳನ್ನು ಮಾತ್ರ ಎಣಿಸುವುದು. ಚರ್ಮವಲ್ಲದ್ದನ್ನೆಲ್ಲ ಸೊನ್ನೆ ಮಾಡಿ ಮಸುಕಿಸಬೇಕು, ಮಾಸ್ಕನ್ನೂ ಅಷ್ಟೇ ಮಸುಕಿಸಬೇಕು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ಮೊದಲನೆಯದು 35, ಎರಡನೆಯದು 0.5, ಭಾಗಿಸಿದರೆ ಮತ್ತೆ 70. ಬರೆದರೆ ಇಷ್ಟೇ:

```python
m = np.isin(labels, [1, 10]).astype(np.float32)
num = cv2.GaussianBlur(img * m[..., None], (0, 0), 12)
den = cv2.GaussianBlur(m, (0, 0), 12)
smooth = num / np.maximum(den, 1e-4)[..., None]
```

ಇಲ್ಲಿ 1ರ ಜೊತೆ 10ನ್ನೂ ಸೇರಿಸಿರುವುದು ಮೂಗಿಗಾಗಿ. ಮೂಗಿಗೆ ಬೇರೆ ಲೇಬಲ್ ಇದ್ದರೂ ಅದರ ಮೇಲಿರುವುದು ಚರ್ಮವೇ. ಬಿಟ್ಟರೆ ನುಣುಪಾದ ಕೆನ್ನೆಗಳ ನಡುವೆ ಮೂಗೊಂದು ಒರಟಾಗಿ ನಿಲ್ಲುತ್ತದೆ. ಕೊನೆಯ ಸಾಲಿನ ಸಣ್ಣ ಅಂಕಿ ಸೊನ್ನೆಯಿಂದ ಭಾಗಿಸುವುದನ್ನು ತಪ್ಪಿಸಲು.

ಹೀಗೆ ಬಂದ ನುಣುಪನ್ನು ನೇರವಾಗಿ ಹಾಕಿದರೆ ಮುಖ ಮೇಣದ ಗೊಂಬೆಯಾಗುತ್ತದೆ. ಚರ್ಮದ ರಂಧ್ರಗಳು ಈ ಅಳತೆಯ ಚಿತ್ರದಲ್ಲಿ ಕೆಲವೇ ಪಿಕ್ಸೆಲ್ ಅಗಲ, ಮೊಡವೆಯ ಕಲೆ ಹತ್ತಾರು ಪಿಕ್ಸೆಲ್, ಕೆನ್ನೆಯ ಮೇಲಿನ ಬೆಳಕು ನೆರಳು ನೂರಾರು. ತೆಗೆಯಬೇಕಾದದ್ದು ನಡುವಿನದನ್ನು ಮಾತ್ರ. ಅದಕ್ಕೆ ಎರಡು ಸಲ, 2 ಮತ್ತು 12ರ ಅಳತೆಯಲ್ಲಿ ಮಸುಕಿಸುತ್ತೇವೆ. ಮೂಲದಿಂದ 2ರ ಮಸುಕನ್ನು ಕಳೆದರೆ ಉಳಿಯುವುದು ರಂಧ್ರಗಳು. 2ರ ಮಸುಕಿನಿಂದ 12ರದನ್ನು ಕಳೆದರೆ ಉಳಿಯುವುದು ಕಲೆಗಳು. ಮೊದಲನೆಯದನ್ನು ಪೂರ್ತಿ ಇಟ್ಟುಕೊಂಡು, ಎರಡನೆಯದನ್ನು ಅರ್ಧಕ್ಕಿಂತ ಕಡಿಮೆ ಮಾಡಿ, 12ರ ಮಸುಕಿನ ಮೇಲೆ ಮತ್ತೆ ಕೂಡಿದರೆ ಚರ್ಮ ಚರ್ಮವಾಗಿಯೇ ಉಳಿಯುತ್ತದೆ.

ಮುಖವನ್ನು ಬೆಳ್ಳಗೆ ಮಾಡಿಕೊಡಿ ಎಂಬ ಬೇಡಿಕೆಯ ಬಗ್ಗೆಯೂ ಇಲ್ಲೇ ಹೇಳಬೇಕು. ಅದು ನನಗೆ ಒಪ್ಪಿಗೆಯಿಲ್ಲದ ಬೇಡಿಕೆ. ಅದು ತಾಂತ್ರಿಕವಾಗಿಯೂ ಸೋಲುತ್ತದೆ. 1ನೇ ಲೇಬಲ್ ದವಡೆಗೆ ಮುಗಿಯುತ್ತದೆ. ಕತ್ತಿನ 14, ಕಿವಿಗಳ 7 ಮತ್ತು 8 ಸೇರಿಸಿದರೂ ಕೈಗೆ ಈ 19ರಲ್ಲಿ ಲೇಬಲ್ಲೇ ಇಲ್ಲ. ಮುಖ ಒಂದು ಬಣ್ಣ, ಮದರಂಗಿ ಹಚ್ಚಿದ ಕೈ ಇನ್ನೊಂದು ಬಣ್ಣ ಆಗುವುದು ಹೀಗೆ. ಮೈಬಣ್ಣವನ್ನು ಮುಟ್ಟದೆ ಕಲೆಯನ್ನಷ್ಟೇ ಕಡಿಮೆ ಮಾಡಿದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಹುಬ್ಬು ನೋಡಲು ಸಣ್ಣದು, ಆದರೆ ಸ್ವಭಾವದಲ್ಲಿ ಗೋಜಲಿನದು. ಗುರುತು ಹಾಕಿದವರು ಹುಬ್ಬಿನ ಹೊರ ಆಕಾರವನ್ನು ಬರೆದಿರುತ್ತಾರೆ, ಎಳೆ ಎಳೆಯನ್ನಲ್ಲ. ಹಾಗಾಗಿ ಹುಬ್ಬಿನ ಮಾಸ್ಕ್ ಒಳಗೆ ಎಳೆಗಳ ನಡುವಿನ ಚರ್ಮವೂ ಇದೆ, ಹೊರಗೆ ಚಾಚಿದ ಎಳೆಗಳು ಮಾಸ್ಕ್ ಆಚೆ ಉಳಿದಿವೆ. ಅದನ್ನು ಕಪ್ಪಗೆ ತುಂಬಿದರೆ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ. ನನ್ನ ಅನುಭವದಲ್ಲಿ ಒಂದೇ ಹುಬ್ಬಿಗೆ ಎರಡು ಮಾಸ್ಕ್ ಬೇಕು. ಒಂದು ಕೆಲವು ಪಿಕ್ಸೆಲ್ ಹಿಗ್ಗಿಸಿದ್ದು. ಅದು ಕಾವಲಿಗೆ, ಚರ್ಮದ ನುಣುಪು ಅದರೊಳಗೆ ಕಾಲಿಡಬಾರದು. ಇನ್ನೊಂದು ಬಣ್ಣಕ್ಕೆ. ಅದರ ಬಲವನ್ನು ಲೇಬಲ್‌ನಿಂದಲ್ಲ, ಪಿಕ್ಸೆಲ್‌ನ ಕಪ್ಪಿನಿಂದಲೇ ತೆಗೆಯಬೇಕು. ಹುಬ್ಬಿನ ಸುತ್ತಲ ಚರ್ಮದ ಹೊಳಪು 62, ದಟ್ಟ ಎಳೆಯದು 20 ಎಂದಿದ್ದರೆ, 41 ಹೊಳಪಿನ ಪಿಕ್ಸೆಲ್ ಸರಿಯಾಗಿ ನಡುವೆ ಇದೆ, ಅದರಲ್ಲಿ ಅರ್ಧ ಎಳೆ ಅರ್ಧ ಚರ್ಮ. ಅಲ್ಲಿ ಅರ್ಧ ಬಲ, 20 ಇದ್ದಲ್ಲಿ ಪೂರ್ಣ ಬಲ, 62 ಇದ್ದಲ್ಲಿ ಏನೂ ಇಲ್ಲ. ಇದರಿಂದ ಎಳೆಗಳು ಮಾತ್ರ ಗಾಢವಾಗುತ್ತವೆ, ನಡುವಿನ ಚರ್ಮ ಹಾಗೆಯೇ ಉಳಿಯುತ್ತದೆ.

ತುಟಿಯದು ಬೇರೆ ಕಥೆ. ಅದರ ಹೊರ ಅಂಚು ನಿಜವಾಗಿಯೂ ಒಂದು ಅಂಚು, ಎರಡು ಮೂರು ಪಿಕ್ಸೆಲ್ ಮಸುಕಿಸಿದರೆ ಸಾಕು. ತೊಂದರೆ ಇರುವುದು ಬಣ್ಣ ಬೆರೆಸುವ ರೀತಿಯಲ್ಲಿ. ಸಾಮಾನ್ಯ ಬೆರಕೆಯ ಸೂತ್ರ ಇದು, ಇಲ್ಲಿ `a` ಎಂದರೆ ಹೊಸ ಬಣ್ಣದ ಪಾಲು:

```
out = a * new + (1 - a) * old
```

ಲ್ಯಾಬ್ ಎಂಬ ಬಣ್ಣಪದ್ಧತಿಯಲ್ಲಿ ಹೊಳಪು ಒಂದು ಅಂಕಿ, ಬಣ್ಣ ಉಳಿದೆರಡು ಅಂಕಿ. ಹಾಗಾಗಿ ಹೊಳಪನ್ನು ಪ್ರತ್ಯೇಕವಾಗಿ ನೋಡಬಹುದು. ನಮ್ಮ ವಧುವಿನ ತುಟಿಯ ಸರಾಸರಿ ಹೊಳಪು 48, ಬೆಳಕು ಬಿದ್ದು ಮಿನುಗುವ ಕಡೆ 72, ಗೆರೆಗಳ ತಳದಲ್ಲಿ 30. ಹಚ್ಚಬೇಕಾದ ಲಿಪ್‌ಸ್ಟಿಕ್‌ನ ಹೊಳಪು 35, ಪಾಲು 0.6. ಮೇಲಿನ ಸೂತ್ರದಂತೆ ಲೆಕ್ಕ ಹಾಕಿದರೆ 72 ಇದ್ದದ್ದು 49.8 ಆಗುತ್ತದೆ, 30 ಇದ್ದದ್ದು 33. ಮೊದಲು ಇವೆರಡರ ನಡುವಿನ ಅಂತರ 42 ಇತ್ತು, ಈಗ 16.8. ತುಟಿಯ ಗೆರೆಗಳೂ ಮಿನುಗೂ ಹೋಗಿ ಪ್ಲಾಸ್ಟಿಕ್ಕಿನ ತುಂಡಿನಂತೆ ಚಪ್ಪಟೆಯಾಗುತ್ತದೆ.

ಅದರ ಬದಲು ಸರಾಸರಿಯನ್ನಷ್ಟೇ ಜರುಗಿಸಬೇಕು. 48ರಿಂದ 35ಕ್ಕೆ ವ್ಯತ್ಯಾಸ 13, ಅದರ 0.6 ಪಾಲು 7.8. ಎಲ್ಲ ಪಿಕ್ಸೆಲ್‌ಗಳ ಹೊಳಪಿನಿಂದಲೂ ಅಷ್ಟನ್ನೇ ಕಳೆದರೆ 72 ಇದ್ದದ್ದು 64.2, 30 ಇದ್ದದ್ದು 22.2. ಅಂತರ ಮತ್ತೆ 42, ಒಂದಿಷ್ಟೂ ನಷ್ಟವಾಗಿಲ್ಲ. ಬಣ್ಣದ ಎರಡು ಅಂಕಿಗಳನ್ನು ಮಾತ್ರ ಸಾಮಾನ್ಯ ಸೂತ್ರದಿಂದ ಬೆರೆಸಿದರೆ ಸಾಕು. ಈ ಸರಾಸರಿ 48 ಎಂಬುದನ್ನು ಲೆಕ್ಕಹಾಕುವಾಗಲೂ ತುಟಿಯ ಮಾಸ್ಕ್ ಒಳಗಿನ ಪಿಕ್ಸೆಲ್‌ಗಳನ್ನಷ್ಟೇ ಎಣಿಸಬೇಕು. ಹಲ್ಲು ಸೇರಿಕೊಂಡರೆ ಸರಾಸರಿ ಏರಿಬಿಡುತ್ತದೆ, ತುಟಿ ಬೇಕಾದದ್ದಕ್ಕಿಂತ ಕಪ್ಪಾಗುತ್ತದೆ. ಎಲ್ಲಿಂದ ತೆಗೆಯುತ್ತೇವೆ ಎಂಬ ಪ್ರಶ್ನೆ ಇಲ್ಲಿಯೂ ಬಂತು.

ಹಲ್ಲು ಕೆಂಪಾಗುವುದು ಏಕೆ ಎಂಬುದೂ ಈಗ ಸ್ಪಷ್ಟ. ತುಟಿಯ ಮಾಸ್ಕನ್ನು ಮಸುಕಿಸಿದಾಗ ಅದು ಹೊರಗೂ ಹರಡುತ್ತದೆ, ಒಳಗೂ ಹರಡುತ್ತದೆ. ಹೊರಗಿನ ಹರಡುವಿಕೆ ನಮಗೆ ಬೇಕು, ಒಳಗಿನದು ಬೇಡ. ಬಾಯಿಯ ಒಳಭಾಗಕ್ಕೆ 11 ಎಂಬ ಪ್ರತ್ಯೇಕ ಲೇಬಲ್ ಇರುವುದು ಇಂಥ ಕಡೆ ವರದಾನ. ಮಸುಕಿಸಿದ ಮೇಲೆ 11 ಇರುವಲ್ಲೆಲ್ಲ ತುಟಿಯ ಪಾಲನ್ನು ಸೊನ್ನೆ ಮಾಡಬೇಕು. ಮಸುಕಿಸುವ ಮೊದಲೇ ಸೊನ್ನೆ ಮಾಡಿದರೆ ಉಪಯೋಗವಿಲ್ಲ, ಮಸುಕು ಮತ್ತೆ ಒಳಗೆ ನುಗ್ಗುತ್ತದೆ. ನಗು ತೀರಾ ಸಣ್ಣದಿದ್ದಾಗ 512ರ ಅಳತೆಯಲ್ಲಿ ಹಲ್ಲಿನ ಸಾಲು ಎರಡೇ ಪಿಕ್ಸೆಲ್ ದಪ್ಪವಿರಬಹುದು, ಜಾಲ ಅದನ್ನು ಕಾಣದೆಯೇ ಹೋಗಬಹುದು. ಆಗ ಬಾಯಿಯ ಭಾಗವನ್ನಷ್ಟೇ ದೊಡ್ಡದಾಗಿ ಕತ್ತರಿಸಿ ಮತ್ತೆ ಕೊಡುತ್ತೇನೆ ಎಂದರೆ ನಡೆಯದು, ಇಡೀ ಮುಖ ನೋಡಿ ಕಲಿತ ಜಾಲಕ್ಕೆ ಬರೀ ಬಾಯಿ ಅಪರಿಚಿತ. ಹೊಳಪು ಹೆಚ್ಚಿದ್ದು ಕೆಂಪು ತೀರಾ ಕಡಿಮೆ ಇರುವ ಪಿಕ್ಸೆಲ್‌ಗಳನ್ನು ತುಟಿಯಿಂದ ಹೊರಗಿಡುವ ಒಂದು ಸರಳ ಬಣ್ಣದ ಪರೀಕ್ಷೆಯೇ ಅಲ್ಲಿ ಹೆಚ್ಚು ನಂಬಿಕಸ್ಥ. ಜೋರಾಗಿ ಮಿನುಗುವ ತುಟಿಯ ಬೆಳಕೂ ಹೆಚ್ಚುಕಡಿಮೆ ಬಿಳಿಯೇ ಆದ್ದರಿಂದ ಈ ಪರೀಕ್ಷೆಯನ್ನು ಎರಡು ತುಟಿಗಳು ಕೂಡುವ ಗೆರೆಯ ಹತ್ತಿರಕ್ಕೆ ಮಾತ್ರ ಸೀಮಿತಗೊಳಿಸಬೇಕು.

ಕೂದಲು ಎಲ್ಲಕ್ಕಿಂತ ಕಷ್ಟ. ಕೂದಲಿಗೆ ಅಂಚು ಎಂಬುದೇ ಇಲ್ಲ. ಹಣೆಯ ಮೇಲೆ ಹಾರುವ ಒಂದು ಎಳೆ ಒಂದು ಪಿಕ್ಸೆಲ್‌ಗಿಂತಲೂ ತೆಳುವಾಗಿರಬಹುದು. ಆ ಪಿಕ್ಸೆಲ್‌ನಲ್ಲಿ 30 ಪಾಲು ಕೂದಲು, 70 ಪಾಲು ಹಣೆ. ಲೇಬಲ್ ನಕ್ಷೆ ಮಾತ್ರ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಹಾಗಾದರೆ ಜಾಲದ ಅಂಕಗಳನ್ನು ಶೇಕಡಾವಾರಿಗೆ ತಿರುಗಿಸಿ ಅದನ್ನೇ ಪಾಲಾಗಿ ಬಳಸಬಹುದಲ್ಲ ಎಂದು ಬಹಳ ಜನ ಮಾಡುತ್ತಾರೆ. ಇದೊಂದು ಸೂಕ್ಷ್ಮವಾದ ತಪ್ಪು. ಜಾಲ ಕೂದಲಿಗೆ 0.5 ಎಂದರೆ ಅಲ್ಲಿ ಅರ್ಧ ಕೂದಲಿದೆ ಎಂದಲ್ಲ, ಕೂದಲೋ ಅಲ್ಲವೋ ಎಂದು ಅದಕ್ಕೆ ಅನುಮಾನವಿದೆ ಎಂದು. ಅನುಮಾನ ಬೇರೆ, ಪ್ರಮಾಣ ಬೇರೆ. ದಟ್ಟ ಕೂದಲಿನ ನಡುವೆ ಬೆಳಕು ಬಿದ್ದ ಕಡೆ ಜಾಲಕ್ಕೆ ಅನುಮಾನ ಬಂದರೆ ಅಲ್ಲಿ ಬಣ್ಣ ಅರ್ಧಂಬರ್ಧ ಹತ್ತಿ ಮಚ್ಚೆ ಮಚ್ಚೆಯಾಗುವುದು ಇದರಿಂದಲೇ.

ಪ್ರಮಾಣವನ್ನು ಫೋಟೋದಿಂದಲೇ ತೆಗೆಯಬೇಕು. 2010ರಲ್ಲಿ ಕೈಮಿಂಗ್ ಹೆ ಮತ್ತು ಸಂಗಡಿಗರು ಪ್ರಕಟಿಸಿದ ಗೈಡೆಡ್ ಫಿಲ್ಟರ್ ಇದಕ್ಕೆ ಚೆನ್ನಾಗಿ ಒದಗುತ್ತದೆ. ಅದು ಒರಟು ಮಾಸ್ಕನ್ನೂ ಮೂಲ ಫೋಟೋವನ್ನೂ ಒಟ್ಟಿಗೆ ತೆಗೆದುಕೊಂಡು, ಪ್ರತಿಯೊಂದು ಸಣ್ಣ ಚೌಕದೊಳಗೂ ಇವೆರಡರ ನಡುವೆ ನೇರ ಸಂಬಂಧವೊಂದನ್ನು ಹುಡುಕುತ್ತದೆ: ಇಲ್ಲಿ ಕಪ್ಪಿದ್ದಲ್ಲಿ ಮಾಸ್ಕ್ 1, ಬೆಳಕಿದ್ದಲ್ಲಿ 0. ಆ ಸಂಬಂಧ ಸಿಕ್ಕಿತೆಂದರೆ ಒರಟು ಮಾಸ್ಕ್ ಕಾಣದ ಎಳೆಯೂ ಫೋಟೋದ ಕಪ್ಪಿನಿಂದ ಹೊರಬೀಳುತ್ತದೆ. ಇಡೀ ಚಿತ್ರಕ್ಕೆ ಇದನ್ನು ಮಾಡಬೇಕಿಲ್ಲ. ಕೂದಲಿನ ಮಾಸ್ಕನ್ನು ಒಂದಿಷ್ಟು ಕುಗ್ಗಿಸಿದರೆ ಒಳಗಿರುವುದು ಖಚಿತ ಕೂದಲು, ಒಂದಿಷ್ಟು ಹಿಗ್ಗಿಸಿದರೆ ಹೊರಗಿರುವುದು ಖಚಿತ ಹೊರಗು. ನಡುವಿನ ಪಟ್ಟಿಯೊಂದೇ ಅನಿಶ್ಚಿತ, ಅಲ್ಲಿ ಮಾತ್ರ ಫಿಲ್ಟರ್ ಹೇಳಿದ್ದನ್ನು ನಂಬಬೇಕು. ಒಳಗಿನ ಮಚ್ಚೆಗಳ ತೊಂದರೆಯೂ ಇದರಿಂದ ತಪ್ಪುತ್ತದೆ.

ಈ ಉಪಾಯ ಸೋಲುವ ಸಂದರ್ಭವೂ ಇದೆ. ವಧುವಿನ ಹಿಂದೆ ಕಡುಬಣ್ಣದ ಪರದೆ ಇದ್ದರೆ, ಅಥವಾ ಕಪ್ಪು ಜಡೆ ಕಪ್ಪು ರವಿಕೆಯ ಮೇಲೆ ಬಿದ್ದಿದ್ದರೆ, ಕಪ್ಪಿಗೂ ಕಪ್ಪಿಗೂ ಫಿಲ್ಟರ್‌ಗೆ ವ್ಯತ್ಯಾಸ ಸಿಗುವುದಿಲ್ಲ. ಆಗ ಪಾಲು ಪರದೆಯೊಳಕ್ಕೆ ಹರಿದುಹೋಗುತ್ತದೆ. ಅಂಥ ಕಡೆ ಪಟ್ಟಿಯನ್ನು ಕಿರಿದು ಮಾಡಿ ಜಾಲದ ಗೆರೆಯನ್ನೇ ನಂಬುವುದು ಮೇಲು. ಕಪ್ಪಿನ ಮೇಲೆ ಕಪ್ಪು ಅಂಚು ಸ್ವಲ್ಪ ಗಡುಸಾದರೂ ಕಣ್ಣಿಗೆ ಕಾಣದು. ನಮ್ಮವರ ಕಪ್ಪು ಕೂದಲಿಗೆ ಕಂದು ಛಾಯೆ ಕೊಡುವಾಗ ಬಣ್ಣದ ಎರಡು ಅಂಕಿಗಳನ್ನು ಬದಲಿಸಿದರಷ್ಟೇ ಏನೂ ಕಾಣುವುದಿಲ್ಲ, ಹೊಳಪು ಅಷ್ಟು ಕಡಿಮೆ ಇರುವಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ. ಹೊಳಪನ್ನೂ ತುಸು ಎತ್ತಬೇಕು. ತುಟಿಗೆ ಹೇಳಿದ್ದಕ್ಕೆ ಇದು ಸರಿಯಾಗಿ ವಿರುದ್ಧ ದಿಕ್ಕಿನ ಕೆಲಸ.

ನಾಲ್ಕೂ ಭಾಗ ಸಿದ್ಧವಾದ ಮೇಲೆ ಜೋಡಿಸುವಾಗ ಒಂದು ಎಚ್ಚರ ಬೇಕು. ಹಣೆಯಂಚಿನ ಒಂದು ಪಿಕ್ಸೆಲ್‌ನಲ್ಲಿ ಚರ್ಮದ ಪಾಲು 0.5, ಕೂದಲಿನ ಪಾಲು 0.5. ಮೊದಲು ಚರ್ಮ, ಆಮೇಲೆ ಕೂದಲು ಎಂದು ಒಂದರ ಮೇಲೊಂದು ಹಾಕಿದರೆ ಚರ್ಮದ ಪಾಲು 0.25ಕ್ಕೆ ಇಳಿಯುತ್ತದೆ, ಉಳಿದ 0.25 ಟಚಿಂಗ್ ಆಗದ ಮೂಲ ಚಿತ್ರದ್ದು. ಭಾಗಗಳು ಕೂಡುವಲ್ಲೆಲ್ಲ ಹಳೆಯ ಚಿತ್ರ ತೆಳು ಗೆರೆಯಾಗಿ ಇಣುಕುತ್ತದೆ. ಎಲ್ಲ ಪಾಲುಗಳನ್ನೂ ಮೊದಲೇ ಕೂಡಿ, ಮೊತ್ತ 1 ಬರುವಂತೆ ಸರಿದೂಗಿಸಿ, ಒಂದೇ ಸಲಕ್ಕೆ ಬೆರೆಸಿದರೆ ಗೆರೆ ಬರುವುದಿಲ್ಲ.

ಇನ್ನು ಬೊಟ್ಟು. ಹೇಳಿದ 19 ಲೇಬಲ್‌ಗಳಲ್ಲಿ ಟೋಪಿ ಇದೆ, ಕನ್ನಡಕ ಇದೆ, ಓಲೆ ಇದೆ, ಸರ ಇದೆ. ಬೊಟ್ಟಿಲ್ಲ, ಮೂಗುಬೊಟ್ಟಿಲ್ಲ, ಬೈತಲೆಯ ಕುಂಕುಮವಿಲ್ಲ, ಹೂವಿಲ್ಲ. ಗಡ್ಡಮೀಸೆಗೂ ಲೇಬಲ್ ಇಲ್ಲ, ಅವು ಚರ್ಮದೊಳಗೇ ಸೇರಿಹೋಗುತ್ತವೆ. ಪ್ರತಿ ಪಿಕ್ಸೆಲ್‌ಗೂ 19ರಲ್ಲಿ ಒಂದನ್ನು ಕೊಡಲೇಬೇಕಾದ ಜಾಲ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲಾರದು. ಹಣೆಯ ಬೊಟ್ಟಿಗೆ ಚರ್ಮ ಎನ್ನುತ್ತದೆ. ನುಣುಪಿನ ಹಂತದಲ್ಲಿ ಅದು ಮೊಡವೆಯ ಕಲೆಯ ಅಳತೆಯಲ್ಲೇ ಇರುವುದರಿಂದ ಕಲೆಯಂತೆಯೇ ಮಸುಕಾಗುತ್ತದೆ, ಅದರ ಕೆಂಪು ಸುತ್ತಲ ಹಣೆಗೂ ಹರಡುತ್ತದೆ. ಮೂಗುಬೊಟ್ಟಿನ ಹೊಳಪು ಹೋಗಿ ಮೂಗಿನ ಮೇಲೊಂದು ಬಿಳಿ ಮಬ್ಬು ಉಳಿಯುತ್ತದೆ. ವರನ ಮೀಸೆ ನವೆಯುತ್ತದೆ. ಮುಡಿದ ಮಲ್ಲಿಗೆಯನ್ನು ಕೂದಲೆಂದು ಓದಿದರೆ ಕೂದಲಿನ ಕಂದು ಛಾಯೆ ಹೂವಿಗೂ ಹತ್ತಿ, ಬಾಡಿದ ಹೂವಿನಂತೆ ಕಾಣುತ್ತದೆ. ಚಿತ್ರಸಂಗ್ರಹ ಮಾಡಿದವರು ಯಾರ ಮುಖಗಳನ್ನು ಮುಂದಿಟ್ಟುಕೊಂಡು ಪಟ್ಟಿ ಬರೆದರೋ ಅವರ ಮುಖದ ಮೇಲಿರುವುದಷ್ಟೇ ಪಟ್ಟಿಗೆ ಬಂದಿದೆ. ನಮ್ಮ ಹೆಣ್ಣುಮಕ್ಕಳ ಮುಖದಲ್ಲಿ ಮೊದಲು ಕಣ್ಣಿಗೆ ಬೀಳುವ ವಸ್ತುವೇ ಅದರಲ್ಲಿ ಇಲ್ಲ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಹೊಸ ಲೇಬಲ್ ಸೇರಿಸಿ ಜಾಲಕ್ಕೆ ಮತ್ತೆ ಕಲಿಸುವುದೇ ಪೂರ್ಣ ಪರಿಹಾರ. ಅದಕ್ಕೆ ನಮ್ಮ ಮುಖಗಳ ಚಿತ್ರಗಳನ್ನು, ಅವರ ಒಪ್ಪಿಗೆ ಪಡೆದು, ಯಾರಾದರೂ ಕೂತು ಗುರುತಿಸಬೇಕು. ಅಲ್ಲಿಯವರೆಗೆ ಸ್ಟುಡಿಯೋದವರು ಮಾಡಬಹುದಾದದ್ದು ಒಂದು ಹೊರಗಿಡುವ ಮಾಸ್ಕ್. ಚರ್ಮದ ಲೇಬಲ್ ಒಳಗೆ ಸುತ್ತಲಿನ ಚರ್ಮದ ನಡುಮಧ್ಯದ ಬಣ್ಣವನ್ನು ಕಂಡುಕೊಂಡು, ಅದರಿಂದ ಬಹಳ ದೂರವಿರುವ ಪಿಕ್ಸೆಲ್‌ಗಳ ಗುಂಪನ್ನು ಆರಿಸುವುದು. ಕೆಂಪು ಕುಂಕುಮ, ಕಪ್ಪು ಸ್ಟಿಕ್ಕರ್, ಹರಳಿನ ಮಿನುಗು ಮೂರೂ ಇದಕ್ಕೆ ಸಿಗುತ್ತವೆ. ಕೆಂಪಗಾದ ಮೊಡವೆಯೂ ಕೆಲವೊಮ್ಮೆ ಸಿಕ್ಕಿಬೀಳುತ್ತದೆ, ಅದನ್ನು ಕೈಯಿಂದ ಬಿಡಿಸಬೇಕು. ಮೈಬಣ್ಣಕ್ಕೆ ತೀರಾ ಹತ್ತಿರವಿರುವ ಅರಿಶಿನ ಅಥವಾ ಗಂಧದ ಬೊಟ್ಟು ಈ ಬಲೆಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ, ಅದನ್ನು ಕುಂಚದಿಂದಲೇ ಗುರುತಿಸಬೇಕು. ಸಿಕ್ಕಿದ ಗುಂಪನ್ನು ಕೆಲವು ಪಿಕ್ಸೆಲ್ ಹಿಗ್ಗಿಸಿ ಚರ್ಮದ ಮಾಸ್ಕ್‌ನಿಂದ ಕಳೆದುಬಿಟ್ಟರೆ, ಮೇಲೆ ಬರೆದ ಭಾಗಾಕಾರದ ಮಸುಕು ಬೊಟ್ಟಿನ ಕೆಂಪನ್ನು ಹಣೆಗೆ ತರುವುದೂ ಇಲ್ಲ, ಹಣೆಯ ಬಣ್ಣವನ್ನು ಬೊಟ್ಟಿನ ಮೇಲೆ ಹಾಕುವುದೂ ಇಲ್ಲ.

ಮಾಸ್ಕ್ ಎಲ್ಲಿ ತಪ್ಪಿದೆ ಎಂದು ಹುಡುಕಲು ನಾನು ಹೆಚ್ಚು ನಂಬುವ ಪರೀಕ್ಷೆ ಕನ್ನಡಿಯದು. ಚಿತ್ರವನ್ನು ಎಡಬಲ ತಿರುಗಿಸಿ ಅದೇ ಜಾಲಕ್ಕೆ ಮತ್ತೆ ಕೊಡಬೇಕು, ಬಂದ ನಕ್ಷೆಯನ್ನು ಹಿಂದಕ್ಕೆ ತಿರುಗಿಸಬೇಕು, ಎಡಬಲ ಜೋಡಿಗಳಾದ 2 ಮತ್ತು 3, 4 ಮತ್ತು 5, 7 ಮತ್ತು 8ನ್ನು ಅದಲುಬದಲು ಮಾಡಿ ಮೊದಲ ನಕ್ಷೆಯ ಮೇಲಿಡಬೇಕು. ಎರಡೂ ಒಪ್ಪುವ ಕಡೆ ಚಿಂತೆಯಿಲ್ಲ. ಒಪ್ಪದ ಪಿಕ್ಸೆಲ್‌ಗಳನ್ನು ಕೆಂಪಾಗಿ ಬೆಳಗಿಸಿದರೆ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ: ಕಿವಿಯ ಹಿಂದಿನ ಕೂದಲು, ಓಲೆಯ ಸುತ್ತು, ನೆರಳು ಬಿದ್ದ ದವಡೆ, ಹೂವಿನ ಅಂಚು. ಎರಡೂ ಸಲ ಒಂದೇ ತಪ್ಪು ಮಾಡಿದ್ದರೆ ಇದು ಹಿಡಿಯುವುದಿಲ್ಲ, ಬೊಟ್ಟು ಅಂಥ ತಪ್ಪು. ಅದಕ್ಕಾಗಿ ಕೊನೆಯಲ್ಲಿ ಟಚಿಂಗ್ ಆದ ಚಿತ್ರದಿಂದ ಮೂಲವನ್ನು ಕಳೆದು, ವ್ಯತ್ಯಾಸವನ್ನು ಹತ್ತು ಪಟ್ಟು ಹಿಗ್ಗಿಸಿ ನೋಡುವುದು ಒಳ್ಳೆಯದು. ಎಲ್ಲವೂ ಸರಿಯಿದ್ದರೆ ಆ ಚಿತ್ರದಲ್ಲಿ ಕೆನ್ನೆಯ ಕಲೆಗಳು ಚುಕ್ಕಿಗಳಾಗಿ, ಹುಬ್ಬಿನ ಎಳೆಗಳು ಗೆರೆಗಳಾಗಿ, ತುಟಿ ಒಂದೇ ಸಮನಾದ ಆಕಾರವಾಗಿ ಬೆಳಗುತ್ತವೆ. ಬೊಟ್ಟು, ಹಲ್ಲು, ಹೂವು ಇರುವ ಜಾಗಗಳು ಪೂರ್ತಿ ಕಪ್ಪಾಗಿ ಇರಬೇಕು.